ಲಾಭ ಬಂದಿದೆ, ದುಡ್ಡೆಲ್ಲಿ ಹೋಯಿತು?

ದಾವಣಗೆರೆಯಲ್ಲಿ ಒಂದು ಸಣ್ಣ ಗೊಬ್ಬರ, ಔಷಧಿ ಅಂಗಡಿ ಇದೆ ಅಂದುಕೊಳ್ಳಿ. ಲಾಭ-ನಷ್ಟದ ಲೆಕ್ಕದಲ್ಲಿ ವರ್ಷದ ಲಾಭ 3.5 ಲಕ್ಷ. ಬ್ಯಾಂಕಿನಲ್ಲಿ ಉಳಿದಿರುವುದು ಮಾತ್ರ 30 ಸಾವಿರ. ಲೆಕ್ಕ ತಪ್ಪಿಲ್ಲ. ಲಾಭ-ನಷ್ಟದ ಪಟ್ಟಿ ಉದ್ರಿ ಮಾರಾಟವನ್ನೂ ಮಾರಾಟ ಅಂತಲೇ ಬರೆದುಕೊಳ್ಳುತ್ತದೆ. ದುಡ್ಡು ಕೈಗೆ ಬಂತಾ ಅಂತ ಅದು ಹೇಳುವುದಿಲ್ಲ. ಅದನ್ನು ಹುಡುಕಬೇಕಾದದ್ದು ಬ್ಯಾಲೆನ್ಸ್ ಶೀಟಿನಲ್ಲಿ.

ಮೊದಲು ಹೋದ ವರ್ಷದ ಮಾರ್ಚ್ 31ರ ಬ್ಯಾಲೆನ್ಸ್ ಶೀಟನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಡಿ. ಒಂದೇ ಶೀಟ್ ನೋಡಿದರೆ ಆ ದಿನದ ಸ್ಥಿತಿ ತಿಳಿಯುತ್ತದೆ, ಅಷ್ಟೇ. ಪ್ರತಿ ಸಾಲಿನಲ್ಲೂ ಎಷ್ಟು ಏರಿದೆ, ಎಷ್ಟು ಇಳಿದಿದೆ ಅಂತ ಪೆನ್ಸಿಲಿನಲ್ಲಿ ಬರೆಯಿರಿ.

ನಮ್ಮ ಅಂಗಡಿಯಲ್ಲಿ ರೈತರಿಂದ ಬರಬೇಕಾದ ಉದ್ರಿ 4 ಲಕ್ಷದಿಂದ 8 ಲಕ್ಷಕ್ಕೆ ಏರಿದೆ. ಗೋದಾಮಿನ ಸ್ಟಾಕ್ ಒಂದೂವರೆ ಲಕ್ಷ ಜಾಸ್ತಿಯಾಗಿದೆ. ಬ್ಯಾಂಕ್ ಸಾಲದ ಅಸಲು 50 ಸಾವಿರ ಕಟ್ಟಿದ್ದಾರೆ, ಮನೆ ಖರ್ಚಿಗೆ 2 ಲಕ್ಷ ತೆಗೆದಿದ್ದಾರೆ. ಒಟ್ಟು 8 ಲಕ್ಷ ಹೀಗೆ ಹೋಗಿದೆ. ಅಸಲು ಮತ್ತು ಮನೆ ಖರ್ಚು ಲಾಭ-ನಷ್ಟದ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅಲ್ಲಿ ಕಾಣುವುದು ಸಾಲದ ಬಡ್ಡಿ ಮಾತ್ರ.

ಇಷ್ಟಕ್ಕೆ ದುಡ್ಡು ಎಲ್ಲಿಂದ ಬಂತು? ಲಾಭ 3.5 ಲಕ್ಷ. ಸರಕು ಕೊಟ್ಟ ಡೀಲರಿಗೆ ಕೊಡಬೇಕಾದ ಬಾಕಿ 3 ಲಕ್ಷದಿಂದ 6.3 ಲಕ್ಷಕ್ಕೆ ಏರಿದೆ, ಅಂದರೆ ಅಲ್ಲಿಂದ 3.3 ಲಕ್ಷ. ಸೇರಿಸಿದರೆ 6.8 ಲಕ್ಷ. ಕಡಿಮೆ ಬಿದ್ದ 1.2 ಲಕ್ಷ ಬ್ಯಾಂಕಿನಿಂದ ಹೋಗಿದೆ. ಅಲ್ಲಿದ್ದ ಒಂದೂವರೆ ಲಕ್ಷ 30 ಸಾವಿರಕ್ಕೆ ಇಳಿದದ್ದು ಹೀಗೆ. ರೈತರಿಗೆ ಕೊಟ್ಟ ಉದ್ರಿಯ ಬಹುಪಾಲು ಡೀಲರಿನ ದುಡ್ಡಿನ ಮೇಲೇ ನಿಂತಿದೆ. ನನಗೆ ಭಯ ಹುಟ್ಟಿಸುವ ಸಾಲು ಇದೇ. ಡೀಲರ್ ಮುಂಗಾರಿಗೆ ಮುಂಚೆ ಬಾಕಿ ಕೇಳಿದರೆ ಎಲ್ಲಿಂದ ಕೊಡುವುದು?

ಈಗ ರೈತರಿಂದ ಬರಬೇಕಾದ ಆ 8 ಲಕ್ಷ ಉದ್ರಿಯನ್ನು ಒಡೆದು ನೋಡಿ. ಬ್ಯಾಲೆನ್ಸ್ ಶೀಟ್ ಒಂದೇ ಮೊತ್ತ ತೋರಿಸುತ್ತದೆ, ಯಾರ ಬಾಕಿ ಎಷ್ಟು ಹಳೆಯದು ಅಂತ ಉದ್ರಿ ಪುಸ್ತಕವೇ ಹೇಳಬೇಕು. ಭದ್ರಾ ಕಾಲುವೆಯ ಬೇಸಿಗೆ ಭತ್ತದವರ ಬಾಕಿ ಮಾರ್ಚಿನಲ್ಲಿ ಇರುವುದು ಸಹಜ, ಅವರ ಕೊಯ್ಲು ಇನ್ನೂ ಆಗಿಲ್ಲ. ಮಳೆ ನಂಬಿ ಮೆಕ್ಕೆಜೋಳ ಹಾಕಿದವರ ಕಾಳು ಮಾರಾಟವಾಗಿ ತಿಂಗಳುಗಳೇ ಆಗಿರುತ್ತವೆ. ಅವರ ಜೂನ್ ತಿಂಗಳ ಬಾಕಿ ಇನ್ನೂ ಹಾಗೇ ಇದ್ದರೆ ವಸೂಲಿ ಕಷ್ಟ ಅಂತಲೇ ಹಿಡಿಯಿರಿ. ಅಂಥದ್ದು ಒಂದೂವರೆ ಲಕ್ಷ ಇದ್ದು, ಅದು ಬರುವುದೇ ಇಲ್ಲ ಅಂತಾದರೆ, ನಿಜವಾದ ಲಾಭ 2 ಲಕ್ಷಕ್ಕೆ ಇಳಿಯುತ್ತದೆ.

ಸ್ಟಾಕನ್ನೂ ಹೀಗೇ ಕೈಯಾರೆ ಎಣಿಸಿ. ಅವಧಿ ಮೀರಿದ ಔಷಧಿ ಡಬ್ಬಿಗಳು ಕೊಂಡ ಬೆಲೆಯಲ್ಲೇ ಲೆಕ್ಕದಲ್ಲಿ ಕೂತಿದ್ದರೆ ಆಸ್ತಿಯೂ ಸುಳ್ಳು, ಲಾಭವೂ ಸುಳ್ಳು. ಅವನ್ನು ಮಾರುವ ಹಾಗಿಲ್ಲ. ಕಂಪನಿ ವಾಪಸ್ ತೆಗೆದುಕೊಳ್ಳದಿದ್ದರೆ ಅವುಗಳ ಬೆಲೆ ಸೊನ್ನೆ ಅಂತ ಬರೆಯಲು ನಿಮ್ಮ ಲೆಕ್ಕಿಗರಿಗೆ ಹೇಳಿ.