ದಾಳದ ಪ್ರಶ್ನೆ: ಕಾಣದ ಮುಖವನ್ನು ಕಂಡ ಮುಖಗಳಿಂದ ಹಿಡಿಯುವುದು ಹೇಗೆ?

ಒಂದೇ ದಾಳವನ್ನು ಬೇರೆ ಬೇರೆ ರೀತಿಯಲ್ಲಿ ಇಟ್ಟು ತೆಗೆದ ಎರಡು ಮೂರು ಚಿತ್ರಗಳನ್ನು ಕೊಟ್ಟು, ಇಂಥ ಅಂಕಿಯ ಎದುರು ಮುಖದಲ್ಲಿ ಯಾವ ಅಂಕಿ ಇದೆ ಎಂದು ಕೇಳುವ ಪ್ರಶ್ನೆ ರೈಲ್ವೆ ಮತ್ತು ಎಸ್‌ಎಸ್‌ಸಿ ಪರೀಕ್ಷೆಗಳ ರೀಸನಿಂಗ್ ವಿಭಾಗದಲ್ಲಿಯೂ, ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್‌ನ ಮಾನಸಿಕ ಸಾಮರ್ಥ್ಯ ಪತ್ರಿಕೆಯಲ್ಲಿಯೂ ಪರಿಚಿತವಾದದ್ದು. ಚಿಂತಾಮಣಿಯಲ್ಲಿ ಭಾನುವಾರ ನಡೆಯುವ ನಮ್ಮ ತರಗತಿಗೆ ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆಯಿಂದ ಬರುವ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ಇದಕ್ಕೆ ನಾಲ್ಕೈದು ಸೂತ್ರಗಳನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಆದರೆ ಯಾವ ಸೂತ್ರ ಎಲ್ಲಿ ಹೊಂದುತ್ತದೆ ಎಂಬಲ್ಲಿ ತಡವರಿಸುತ್ತಾರೆ. ವಾಸ್ತವದಲ್ಲಿ ಆ ಸೂತ್ರಗಳೆಲ್ಲವೂ ಒಂದೇ ಸಂಗತಿಯಿಂದ ಹುಟ್ಟಿದವು. ಅದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ಕೊನೆಯವರೆಗೂ ಬಿಡಿಸಿ ನೋಡೋಣ.

ಇಲ್ಲಿ ಹೇಳುತ್ತಿರುವುದು ಹಾವು ಏಣಿ ಆಟದ ಘನಾಕಾರದ ದಾಳವನ್ನು ಕುರಿತು. ಪಗಡೆಯ ಉದ್ದನೆಯ ದಾಳಕ್ಕೂ ಇದಕ್ಕೂ ಸಂಬಂಧವಿಲ್ಲ. ಘನಕ್ಕೆ ಆರು ಮುಖಗಳಿವೆ. ಯಾವುದೇ ಒಂದು ಮುಖವನ್ನು ತೆಗೆದುಕೊಂಡರೂ ಉಳಿದ ಐದರಲ್ಲಿ ನಾಲ್ಕು ಅದರ ಅಂಚಿಗೆ ಅಂಟಿಕೊಂಡಿರುತ್ತವೆ ಮತ್ತು ಒಂದು ಮಾತ್ರ ಅದರ ಎದುರಿಗೆ ಇರುತ್ತದೆ. ಚಿತ್ರದಲ್ಲಿ ನಮಗೆ ಕಾಣುವ ಮೂರು ಮುಖಗಳು ಒಂದೇ ಮೂಲೆಯಲ್ಲಿ ಕೂಡುವುದರಿಂದ ಅವು ಪರಸ್ಪರ ನೆರೆಯ ಮುಖಗಳೇ ಹೊರತು ಎದುರು ಮುಖಗಳಾಗಲಾರವು. ಒಂದೇ ಚಿತ್ರದಲ್ಲಿ ಜೊತೆಯಾಗಿ ಕಂಡ ಎರಡು ಅಂಕಿಗಳು ಎಂದಿಗೂ ಎದುರುಬದುರು ಇರುವುದಿಲ್ಲ ಎಂಬುದೇ ಎಲ್ಲಕ್ಕೂ ಬುನಾದಿ.

ಈಗ ಉದಾಹರಣೆ. ಚಿತ್ರಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಓದಿದರೆ ಒಳ್ಳೆಯದು. ‘ಎಡ’ ಎಂದರೆ ನಮ್ಮ ಕಡೆಗೆ ತಿರುಗಿರುವ ಎರಡು ನಿಂತ ಮುಖಗಳಲ್ಲಿ ಎಡಗಡೆಯದು, ‘ಬಲ’ ಎಂದರೆ ಬಲಗಡೆಯದು.

ಮೊದಲ ಚಿತ್ರ: ಮೇಲೆ 1, ಎಡಕ್ಕೆ 2, ಬಲಕ್ಕೆ 3.
ಎರಡನೇ ಚಿತ್ರ: ಮೇಲೆ 6, ಎಡಕ್ಕೆ 3, ಬಲಕ್ಕೆ 4.

ಪ್ರಶ್ನೆ: 1, 2 ಮತ್ತು 3ರ ಎದುರು ಮುಖಗಳಲ್ಲಿ ಯಾವ ಯಾವ ಅಂಕಿಗಳಿವೆ?

ಮೊದಲ ಹೆಜ್ಜೆ: ಎರಡರಲ್ಲೂ ಇರುವ ಅಂಕಿ

ಎರಡು ಚಿತ್ರಗಳಲ್ಲಿಯೂ ಕಾಣಿಸಿಕೊಂಡಿರುವ ಅಂಕಿ 3. ಮೊದಲ ಚಿತ್ರದಲ್ಲಿ ಅದರ ನೆರೆಯವು 1 ಮತ್ತು 2. ಎರಡನೆಯದರಲ್ಲಿ 4 ಮತ್ತು 6. ಹೀಗೆ 3ರ ನಾಲ್ಕು ನೆರೆಮುಖಗಳೂ ಲೆಕ್ಕಕ್ಕೆ ಸಿಕ್ಕವು. ಎಲ್ಲಿಯೂ ಮುಖ ತೋರಿಸದೆ ಉಳಿದದ್ದು 5 ಮಾತ್ರವಾದ್ದರಿಂದ 3ರ ಎದುರು ಇರುವುದು 5. ‘5 ಕೆಳಗಿದ್ದರೆ ಮೇಲೆ ಯಾವುದು?’ ಎಂದಷ್ಟೇ ಕೇಳಿದ್ದರೆ ಇಲ್ಲಿಗೇ ಉತ್ತರ ಮುಗಿಯಿತು, ಮುಂದಿನ ಕೆಲಸವೇ ಬೇಕಿಲ್ಲ.

ಉಳಿದದ್ದು 1, 2, 4, 6. ಇವುಗಳಲ್ಲಿ 1 ಮತ್ತು 2 ಜೊತೆಯಾಗಿ ಕಂಡಿವೆ, 4 ಮತ್ತು 6 ಕೂಡ ಜೊತೆಯಾಗಿ ಕಂಡಿವೆ. ಆದ್ದರಿಂದ 1ರ ಎದುರು 4 ಇರಬೇಕು, ಇಲ್ಲವೇ 6 ಇರಬೇಕು. ಹೊಡೆದುಹಾಕುವ ವಿಧಾನ ನಮ್ಮನ್ನು ಇಲ್ಲಿಯವರೆಗೆ ಮಾತ್ರ ತರುತ್ತದೆ. ಈ ಎರಡರಲ್ಲಿ ಯಾವುದು ಸರಿ ಎಂದು ಅದು ಹೇಳಲಾರದು.

ಈ ಹಂತದಲ್ಲಿಯೇ ಹೆಚ್ಚಿನ ತಪ್ಪುಗಳು ಆಗುವುದು. ಮೊದಲ ಚಿತ್ರದಲ್ಲಿ ಮೇಲೆ 1 ಇದೆ, ಎರಡನೆಯದರಲ್ಲಿ ಮೇಲೆ 6 ಇದೆ; ಮೇಲಿನದಕ್ಕೆ ಮೇಲಿನದು ಎದುರು ಎಂದು ಕೆಲವರು ಜೋಡಿಸಿಬಿಡುತ್ತಾರೆ. ಮೊತ್ತವೂ 7 ಬರುವುದರಿಂದ ಅನುಮಾನವೇ ಹುಟ್ಟುವುದಿಲ್ಲ. ತರಗತಿಯಲ್ಲಿ ಒಬ್ಬ ಹುಡುಗಿ, ‘ಸರ್, ಅಂಗಡೀಲಿ ತರೋ ದಾಳದಲ್ಲಿ ಎದುರುಬದುರು ಕೂಡಿದ್ರೆ ಏಳೇ ಬರುತ್ತಲ್ವಾ?’ ಎಂದು ಕೇಳಿದ್ದಳು. ಅಂಗಡಿಯ ದಾಳದ ಮಟ್ಟಿಗೆ ಅವಳ ಮಾತು ನಿಜ: ಅದರಲ್ಲಿ 1ಕ್ಕೆ 6, 2ಕ್ಕೆ 5, 3ಕ್ಕೆ 4 ಎದುರಾಗಿರುವುದು ರೂಢಿ. ಆದರೆ ಪ್ರಶ್ನೆಪತ್ರಿಕೆಯ ದಾಳಕ್ಕೆ ಆ ಕಟ್ಟುಪಾಡಿಲ್ಲ. ನಮ್ಮ ಎರಡನೇ ಚಿತ್ರವನ್ನೇ ನೋಡಿ: ಅಲ್ಲಿ 3 ಮತ್ತು 4 ಅಕ್ಕಪಕ್ಕದಲ್ಲಿವೆ. ಕೂಡಿದರೆ 7 ಆಗುವ ಎರಡು ಅಂಕಿಗಳು ಒಂದೇ ಚಿತ್ರದಲ್ಲಿ ಕಂಡರೆ ಅದು ಏಳರ ದಾಳವಲ್ಲ ಎಂಬುದು ಅಲ್ಲಿಗೇ ಸಿದ್ಧವಾಯಿತು. ಹಾಗೆಂದು, ಅಂಥ ಜೋಡಿ ಕಾಣದಿದ್ದ ಮಾತ್ರಕ್ಕೆ ಅದು ಏಳರ ದಾಳ ಎಂದು ತೀರ್ಮಾನಿಸುವಂತೆಯೂ ಇಲ್ಲ. ಪ್ರಶ್ನೆಯಲ್ಲಿಯೇ ಹಾಗೆ ಬರೆದಿದ್ದರೆ ಮಾತ್ರ ನಂಬಬೇಕು.

ಎರಡನೇ ಹೆಜ್ಜೆ: ಪ್ರದಕ್ಷಿಣೆಯ ಓದು

ಎರಡರಲ್ಲೂ ಇರುವ ಅಂಕಿಯಿಂದ ಹೊರಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಉಳಿದ ಎರಡು ಅಂಕಿಗಳನ್ನು ಓದಬೇಕು. ಚಿತ್ರದಲ್ಲಿ ಆ ದಿಕ್ಕು ಹೀಗಿದೆ: ಮೇಲಿನಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಎಡದಿಂದ ಮತ್ತೆ ಮೇಲಕ್ಕೆ. ಮೊದಲ ಚಿತ್ರದಲ್ಲಿ 3 ಬಲಗಡೆ ಇರುವುದರಿಂದ ಮುಂದಿನದು ಎಡದ 2, ಅನಂತರ ಮೇಲಿನ 1. ಅಂದರೆ 3, 2, 1. ಎರಡನೇ ಚಿತ್ರದಲ್ಲಿ 3 ಎಡಗಡೆ ಇರುವುದರಿಂದ ಮುಂದಿನದು ಮೇಲಿನ 6, ಅನಂತರ ಬಲದ 4. ಅಂದರೆ 3, 6, 4. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದರೆ ಎರಡನೇ ಸ್ಥಾನದಲ್ಲಿ 2ರ ಕೆಳಗೆ 6, ಮೂರನೇ ಸ್ಥಾನದಲ್ಲಿ 1ರ ಕೆಳಗೆ 4 ಬರುತ್ತದೆ. ಅವೇ ಎದುರು ಜೋಡಿಗಳು: 2ಕ್ಕೆ 6, 1ಕ್ಕೆ 4.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿಯಲು ಒಂದು ಬೆಂಕಿಪೊಟ್ಟಣ ಸಾಕು. ಅದು ಪೂರ್ತಿ ಘನವಲ್ಲದಿದ್ದರೂ ಆರು ಮುಖಗಳು ಎದುರುಬದುರಾಗಿ ಜೋಡಿಯಾಗಿರುವುದರಲ್ಲಿ ವ್ಯತ್ಯಾಸವಿಲ್ಲ. ಅದರ ಅಗಲವಾದ ಒಂದು ಮುಖದ ಮೇಲೆ 3 ಎಂದು ಬರೆದು ನೆಟ್ಟಗೆ ನಿಮ್ಮ ಕಣ್ಣಿನ ಕಡೆಗೆ ಹಿಡಿಯಿರಿ. ಈಗ 3ರ ಸುತ್ತ ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ಎಂದು ನಾಲ್ಕು ಬದಿಗಳಿವೆ. ಪ್ರದಕ್ಷಿಣೆಯಲ್ಲಿ 2ರ ಮುಂದೆ 1 ಬರುತ್ತದೆ ಎಂದು ಮೊದಲ ಚಿತ್ರ ಹೇಳಿದೆ. ಮೇಲಿನ ಬದಿಗೆ 2, ಬಲಬದಿಗೆ 1 ಎಂದು ಬರೆಯಿರಿ. 6ರ ಮುಂದೆ 4 ಬರುತ್ತದೆ ಎಂದು ಎರಡನೇ ಚಿತ್ರ ಹೇಳಿದೆ. ಖಾಲಿ ಉಳಿದಿರುವ ಕೆಳಬದಿಗೆ 6, ಎಡಬದಿಗೆ 4 ಬರೆಯದೆ ಬೇರೆ ದಾರಿಯೇ ಇಲ್ಲ. ಮೇಲಿನ 2ಕ್ಕೆ ಕೆಳಗಿನ 6, ಬಲದ 1ಕ್ಕೆ ಎಡದ 4 ಎದುರಾದದ್ದು ಕಣ್ಣಿಗೇ ಕಾಣುತ್ತದೆ. ನಾಲ್ಕು ಬದಿಗಳ ಸುತ್ತಿನಲ್ಲಿ ಒಂದು ಚಿತ್ರ ಮೊದಲ ಎರಡನ್ನೂ ಇನ್ನೊಂದು ಚಿತ್ರ ಉಳಿದ ಎರಡನ್ನೂ ತುಂಬುವುದರಿಂದ, ಮೊದಲನೆಯದಕ್ಕೆ ಮೂರನೆಯದು, ಎರಡನೆಯದಕ್ಕೆ ನಾಲ್ಕನೆಯದು ಎದುರು ಬೀಳಲೇಬೇಕು.

ಎರಡು ಚಿತ್ರಗಳನ್ನೂ ಅಪ್ರದಕ್ಷಿಣವಾಗಿ ಓದಿದರೂ ಇದೇ ಉತ್ತರ ಬರುತ್ತದೆ. ಒಂದನ್ನು ಒಂದು ದಿಕ್ಕಿಗೂ ಇನ್ನೊಂದನ್ನು ಮತ್ತೊಂದು ದಿಕ್ಕಿಗೂ ಓದಿದಾಗ ಮಾತ್ರ ಜೋಡಿಗಳು ಅದಲುಬದಲಾಗುತ್ತವೆ. ಅವಸರದಲ್ಲಿ ಎಡದಿಂದ ಬಲಕ್ಕೆ ಅಕ್ಷರ ಓದುವಂತೆ ಓದುವವರಿಗೆ ಹೀಗೆ ಆಗುವುದು ಹೆಚ್ಚು. ಓದನ್ನು ಎರಡರಲ್ಲೂ ಇರುವ ಅಂಕಿಯಿಂದಲೇ ಆರಂಭಿಸಬೇಕೆಂಬುದನ್ನೂ ಮರೆಯಬಾರದು. ಚಿತ್ರದ ಮೇಲ್ಭಾಗದಲ್ಲಿರುವ ಅಂಕಿಯಿಂದ ಆರಂಭಿಸಿದರೆ ಈ ವಿಧಾನಕ್ಕೆ ಅರ್ಥವೇ ಇರುವುದಿಲ್ಲ.

ಮೂರನೇ ಚಿತ್ರ ಸಾಕ್ಷಿ ಹೇಳುವುದು

ಪ್ರಶ್ನೆಯಲ್ಲಿ ಇನ್ನೊಂದು ಚಿತ್ರವನ್ನೂ ಕೊಟ್ಟಿದ್ದಾರೆ ಎಂದುಕೊಳ್ಳಿ.

ಮೂರನೇ ಚಿತ್ರ: ಮೇಲೆ 4, ಎಡಕ್ಕೆ 3, ಬಲಕ್ಕೆ 2.

ಇದರಲ್ಲಿ 2 ಮತ್ತು 4 ಜೊತೆಗಿವೆ. 1ಕ್ಕೆ 6 ಎದುರು ಎಂದು ಹೇಳಿದವರಿಗೆ 2ಕ್ಕೆ 4 ಎದುರಾಗಬೇಕಿತ್ತು. ಆ ಉತ್ತರ ಇಲ್ಲಿಗೆ ಬಿದ್ದುಹೋಯಿತು. ಇದಲ್ಲದೆ ಮೊದಲ ಮತ್ತು ಮೂರನೇ ಚಿತ್ರಗಳಲ್ಲಿ 2 ಮತ್ತು 3 ಎರಡೂ ಇವೆ. ಅಕ್ಕಪಕ್ಕದ ಎರಡು ಮುಖಗಳು ಕೂಡುವ ಅಂಚಿಗೆ ಎರಡು ತುದಿಗಳಿರುತ್ತವೆ, ಒಂದೊಂದು ತುದಿಯಲ್ಲಿ ಒಂದೊಂದು ಮುಖ ಮುಚ್ಚಿರುತ್ತದೆ, ಆ ಎರಡು ಮುಖಗಳು ಎದುರುಬದುರಾಗಿರುತ್ತವೆ. ಆದ್ದರಿಂದ ಎರಡು ಅಂಕಿಗಳು ಎರಡೂ ಚಿತ್ರಗಳಲ್ಲಿದ್ದು ಮೂರನೆಯದು ಬೇರೆಯಾಗಿದ್ದರೆ, ಆ ಬೇರೆಯಾದ ಎರಡೂ ಎದುರು ಜೋಡಿ. ಇಲ್ಲಿ ಅವು 1 ಮತ್ತು 4. ಇಂಥ ಎರಡು ಚಿತ್ರಗಳು ಸಿಕ್ಕರೆ ಪ್ರದಕ್ಷಿಣೆಯ ಗೊಡವೆಗೆ ಹೋಗದೆ ಮೊದಲು ಇದನ್ನೇ ಮಾಡಬೇಕು, ಏಕೆಂದರೆ ಇದರಲ್ಲಿ ದಿಕ್ಕು ತಪ್ಪುವ ಭಯವಿಲ್ಲ.

ಚಿತ್ರ ಸರಿಯಾಗಿ ಅಚ್ಚಾಗಿದೆಯೇ ಎಂದು ನೋಡಲು ಮಾತ್ರ ಇಲ್ಲಿ ದಿಕ್ಕು ಬೇಕಾಗುತ್ತದೆ. ಪ್ರದಕ್ಷಿಣವಾಗಿ ಮೊದಲ ಚಿತ್ರದಲ್ಲಿ 1, 3, 2 ಎಂದೂ ಮೂರನೆಯದರಲ್ಲಿ 4, 2, 3 ಎಂದೂ ಬರುತ್ತದೆ. 2 ಮತ್ತು 3ರ ಕ್ರಮ ತಿರುವುಮುರುವಾಗಿದೆ. ಅಂಚಿನ ಒಂದು ತುದಿಯಿಂದ ನೋಡಿದಾಗ ಎಡಕ್ಕಿದ್ದದ್ದು ಇನ್ನೊಂದು ತುದಿಯಿಂದ ಬಲಕ್ಕೆ ಕಾಣುವುದರಿಂದ ಹೀಗೆ ತಿರುಗಲೇಬೇಕು. ಅಭ್ಯಾಸದ ಪುಸ್ತಕಗಳಲ್ಲಿ ಒಮ್ಮೊಮ್ಮೆ ತಿರುಗದ ಚಿತ್ರಗಳೂ ಕಾಣಸಿಗುತ್ತವೆ. ಅಂಥ ದಾಳ ಲೋಕದಲ್ಲಿ ಇರಲು ಸಾಧ್ಯವಿಲ್ಲ. ಆದರೂ ಪ್ರಶ್ನೆ ಬರೆದವರ ಮನಸ್ಸಿನಲ್ಲಿದ್ದ ಉತ್ತರ 1ಕ್ಕೆ 4 ಎಂಬುದೇ ಆಗಿರುವ ಸಂಭವ ಹೆಚ್ಚಾದ್ದರಿಂದ, ಪರೀಕ್ಷೆಯ ಕೊಠಡಿಯಲ್ಲಿ ಅದನ್ನೇ ಗುರುತು ಮಾಡಿ ಮುಂದೆ ಹೋಗುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಒಂದೂ ಅಂಕಿ ಹೊಂದದಿದ್ದರೆ

ಕೊಟ್ಟ ಎರಡು ಚಿತ್ರಗಳಲ್ಲಿ ಯಾವ ಅಂಕಿಯೂ ಎರಡನೇ ಸಲ ಬಾರದಿದ್ದರೆ ಅವು ದಾಳದ ಎದುರುಬದುರು ಮೂಲೆಗಳ ಚಿತ್ರಗಳಾಗಿರುತ್ತವೆ. ಮೊದಲ ಚಿತ್ರ ಮೇಲಿನದೇ ಆಗಿದ್ದು, ಎರಡನೆಯದರಲ್ಲಿ ಮೇಲೆ 4, ಎಡಕ್ಕೆ 5, ಬಲಕ್ಕೆ 6 ಇದೆ ಎನ್ನಿ. ಇಲ್ಲಿ ಸೂತ್ರ ಯಾವುದನ್ನು ಹಾಕಿದರೂ ಒಂದೇ ಉತ್ತರ ಬರುವುದಿಲ್ಲ. 1, 2, 3ಕ್ಕೆ ಕ್ರಮವಾಗಿ 4, 6, 5 ಎದುರಿರಬಹುದು. 6, 5, 4 ಇರಬಹುದು. 5, 4, 6 ಕೂಡ ಇರಬಹುದು. ಈ ಮೂರೂ ದಾಳಗಳು ಅದೇ ಎರಡು ಚಿತ್ರಗಳನ್ನು ಕೊಡುತ್ತವೆ. ಎದುರು ಮುಖಗಳ ಮೊತ್ತ 7 ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ನಡುವಿನದೊಂದೇ ಉಳಿಯುತ್ತದೆ. ಹಾಗೆ ಹೇಳಿರದಿದ್ದರೆ ಮೂರನೆಯ ಚಿತ್ರವನ್ನು ಹುಡುಕಬೇಕು. ಅದೂ ಇಲ್ಲವಾದರೆ ‘ನಿರ್ಧರಿಸಲು ಸಾಧ್ಯವಿಲ್ಲ’ ಎಂಬ ಆಯ್ಕೆ ಇದೆಯೇ ಎಂದು ನೋಡಬೇಕು.