ಸಾಮಾನು ಇಳಿಸುವ ಮುಂಚೆ ಓನರ್‌ಗೆ ಕಳಿಸಿದ ಪಟ್ಟಿ

ಬಳ್ಳಾರಿಯ ಗಾಂಧಿನಗರದಲ್ಲಿ ಮನೆ ಬಾಡಿಗೆಗೆ ಹಿಡಿದಾಗ, ಅಲ್ಲಿ ಮೊದಲೇ ಇದ್ದ ಗೀರು, ಕಲೆ, ಬಿರುಕುಗಳ ಪಟ್ಟಿ ಮಾಡಿ ಫೋಟೊ ಸಮೇತ ಓನರ್‌ಗೆ ಕಳಿಸಿದೆ. ಮನೆ ಖಾಲಿ ಇದ್ದಾಗಲೇ ಇದು ಆಗಬೇಕು. ಮಂಚ, ಬೀರು ಒಳಗೆ ಬಂದ ಮೇಲೆ ಯಾವ ಗೀರು ಯಾರದು ಅಂತ ಹೇಳಲು ಬರುವುದಿಲ್ಲ.

ಪ್ರತಿಯೊಂದಕ್ಕೂ ಎರಡು ಫೋಟೊ ತೆಗೆದೆ. ಒಂದು ದೂರದಿಂದ, ಯಾವ ಕೋಣೆಯ ಯಾವ ಮೂಲೆ ಅಂತ ತಿಳಿಯುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಟೈಲ್ಸ್ ಮೇಲಿನ ಗೀರು ಫ್ಲ್ಯಾಶ್ ಬೆಳಕಿಗೆ ಮಾಯವಾಗುತ್ತದೆ. ಲೈಟ್ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟರೆ ಎದ್ದು ಕಾಣುತ್ತದೆ. ಬಚ್ಚಲಲ್ಲಿ ನೀರು ನಿಲ್ಲುತ್ತಿದ್ದುದಕ್ಕೆ ಒಂದು ಬಕೆಟ್ ನೀರು ಸುರಿದು ವಿಡಿಯೊ ಮಾಡಿದೆ.

ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. "ಕಟ್ಟೆ ಬಿರುಕು ಬಿಟ್ಟಿದೆ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. "ಸಿಂಕಿನ ಎಡ ಮೂಲೆಯಿಂದ ಮುಂದಿನ ಅಂಚಿನ ಕಡೆಗೆ ಬಿರುಕು, ಉದ್ದ ಸುಮಾರು 4 ಸೆಂ.ಮೀ., ಫೋಟೊ 7 ಮತ್ತು 8" ಎಂದು ಬರೆದೆ. ಪಟ್ಟಿಯ ತಲೆಗೆ ತಾರೀಖು, ಕೊನೆಗೆ "ರಿಪೇರಿ ಕೇಳುತ್ತಿಲ್ಲ, ಮನೆ ಕೈಗೆ ಬಂದಾಗ ಹೇಗಿತ್ತು ಎಂಬುದಕ್ಕೆ ಮಾತ್ರ" ಎಂಬ ಸಾಲು ಹಾಕಿದೆ. ವಾಟ್ಸಾಪ್‌ನಲ್ಲಿ ಫೋಟೊ ಹಾಗೇ ಕಳಿಸಿದರೆ ಗುಣಮಟ್ಟ ಇಳಿದು ಸಣ್ಣ ಬಿರುಕು ಮಸುಕಾಗುತ್ತದೆ. ಅದಕ್ಕೆ ಡಾಕ್ಯುಮೆಂಟ್ ಆಗಿ ಕಳಿಸಿ, ಒಂದು ಪ್ರತಿ ನನ್ನ ಇ-ಮೇಲ್‌ಗೂ ಹಾಕಿಕೊಂಡೆ.

ಓನರ್ ಕೂಡಲೇ ಫೋನ್ ಮಾಡಿದರು. "ಏನ್ರಿ, ಬಂದ ದಿನಾನೇ ಕಂಪ್ಲೇಂಟಾ?"

"ಕಂಪ್ಲೇಂಟ್ ಅಲ್ರಿ ಅಂಕಲ್. ನಾಳೆ ನಿಮಗೂ ನನಗೂ ಮಾತು ಬರಬಾರದು ಅಂತ. ನೋಡಿ, ಸರಿ ಐತಿ ಅಂತ ಒಂದು ಮೆಸೇಜ್ ಹಾಕ್ರಿ ಸಾಕು."

ಆ ಮೆಸೇಜ್ ಬರುವ ತನಕ ನಾನು ಬಿಡಲಿಲ್ಲ. ನೀಲಿ ಟಿಕ್ ಬಂದರೆ ಅವರು ನೋಡಿದ್ದಾರೆ ಎಂದಷ್ಟೇ, ಒಪ್ಪಿದ್ದಾರೆ ಎಂದಲ್ಲ.

ನಾನು ಬಂದದ್ದು ಬೇಸಿಗೆಯಲ್ಲಿ. ಬಳ್ಳಾರಿ ಕಡೆ ಜೋರು ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಛಾವಣಿ ಸೋರುತ್ತದೋ ಇಲ್ಲವೋ ಮೇ ತಿಂಗಳಲ್ಲಿ ತಿಳಿಯುವುದಿಲ್ಲ. "ಮಳೆಯ ಸೋರಿಕೆ ನೋಡಲು ಆಗಿಲ್ಲ" ಎಂದು ಮೊದಲೇ ಪಟ್ಟಿಯಲ್ಲಿ ಸೇರಿಸಿದ್ದೆ. ಮೊದಲ ದೊಡ್ಡ ಮಳೆಗೆ ಮಲಗುವ ಕೋಣೆಯ ಸೂರಿನಲ್ಲಿ ತೇವದ ಕಲೆ ಬಂತು. ಅವತ್ತೇ ಫೋಟೊ ತೆಗೆದು ಅದೇ ಮೆಸೇಜಿನ ಕೆಳಗೆ ಕಳಿಸಿದೆ.

ಮನೆ ಬಿಡುವ ಹೊತ್ತಿಗೆ ಗ್ರಾನೈಟ್ ಬಿರುಕು ಅಂಚಿನವರೆಗೂ ಹರಿದಿತ್ತು. "ಇದು ನೀವಿದ್ದಾಗ ಆಗಿದ್ದು" ಎಂದರು ಓನರ್. ಹಳೇ ಫೋಟೊ ತೆರೆದು ತೋರಿಸಿದೆ: ಅದೇ ಮೂಲೆ, ಅದೇ ಗೆರೆ, ಪಕ್ಕದಲ್ಲಿ ಸ್ಕೇಲ್. ಸಿಂಕಿಗೆ ಕತ್ತರಿಸಿದ ಕಡೆ ಮುಂದೆ ಉಳಿಯುವುದು ಕಿರಿದಾದ ಕಲ್ಲಿನ ಪಟ್ಟಿ, ಬಿರುಕು ಬೆಳೆಯುವುದು ಅಲ್ಲೇ ಎಂದು ಅವರೇ ಕರೆಸಿದ ಮೇಸ್ತ್ರಿಯೂ ಹೇಳಿದ. ಕರಾರಿನಲ್ಲಿದ್ದಂತೆ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದ ಅಡ್ವಾನ್ಸ್ ಅಷ್ಟನ್ನೂ ಕೊಟ್ಟರು.