ಸಿಮೆಂಟ್ ಕಮ್ಮಿ, ನೀರಿಗೆ ದಾರಿ ಜಾಸ್ತಿ: ಮುಳ್ಳೇರಿಯ ಕಡೆಯ ಒಂದು ಬರೆಯ ಕಥೆ

ರಸ್ತೆಗಾಗಿ ಗುಡ್ಡೆ ಕಡಿದಾಗ ಉಳಿಯುವ ಕಡಿದಾದ ಗೋಡೆಗೆ ನಮ್ಮಲ್ಲಿ ಬರೆ ಎನ್ನುತ್ತಾರೆ. ಅಂಥದ್ದೊಂದು ಬರೆಯನ್ನು ಜರಿಯದ ಹಾಗೆ ನಿಲ್ಲಿಸಿದ ಮೇಲೆ ಎರಡು ಮಳೆಗಾಲ ಹೋಗಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಒಂದು ಮಳೆಗಾಲ ನಿಂತರೆ ಅದೃಷ್ಟ ಎನ್ನುವವರೇ ಜಾಸ್ತಿ. ಈಗ ಎರಡೂ ಮುಗಿದಿದೆ. ಬರೆಯ ಬುಡದಲ್ಲಿ ತೋಡಿದ ಕಣಿಗೆ ಬಿದ್ದದ್ದು ಒಂದಷ್ಟು ಚಿಲ್ಲರೆ ಕಲ್ಲು ಮಾತ್ರ, ರಸ್ತೆಗೆ ಒಂದೂ ಬಂದಿಲ್ಲ. ಹಾಗಾಗಿ ಈಗ ಸ್ವಲ್ಪ ಎದೆಯುಬ್ಬಿಸಿ ಬರೆಯುತ್ತಿದ್ದೇನೆ.

ಜಾಗ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಪೂರ್ವಕ್ಕೆ. ಗುಡ್ಡೆ ಕಡಿದು ರಸ್ತೆ ಅಗಲ ಮಾಡಿದ್ದರು. ಸುಮಾರು 70 ಮೀಟರ್ ಉದ್ದ, ಎತ್ತರ 12 ಮೀಟರ್ ಆಸುಪಾಸು. ನಮ್ಮ ಕಡೆಯವರಿಗೆ ಈ ಬರೆಯನ್ನು ವಿವರಿಸಬೇಕಾಗಿಲ್ಲ. ಮೇಲೆ ಮೂರು ಮೀಟರ್ ಮುರಕಲ್ಲು, ಅದರ ಕೆಳಗೆ ಒಂದು ಮೀಟರ್ ಜೇಡಿಯಂಥ ಮೆತ್ತನೆಯ ಶೇಡಿ ಮಣ್ಣು, ಅದರಡಿ ಕರಿ ಪಾದೆ, ಅಂದರೆ ಬಂಡೆ. ಪಾದೆ ಗಟ್ಟಿ, ಆದರೆ ಇಡೀ ಸೀಳು. ಒಂದು ಸಾಲಿನ ಸೀಳುಗಳು ರಸ್ತೆಯ ಕಡೆಗೇ 55 ಡಿಗ್ರಿಯಷ್ಟು ಓಲಿವೆ. ಇನ್ನೆರಡು ಸಾಲು ಅಡ್ಡ ಬಂದು ಅದನ್ನು ತುಂಡು ಮಾಡಿವೆ. ಕಡಿಯುವಾಗ ಕಲ್ಲಿನ ಕೋರೆಯಲ್ಲಿ ಹಾಕಿದ ಹಾಗೆ ಸಿಡಿಮದ್ದು ಹಾಕಿದ್ದರಿಂದ ಇದ್ದ ಸೀಳುಗಳೂ ಬಾಯಿ ಬಿಟ್ಟಿದ್ದವು.

ನಮಗಿಂತ ಮೊದಲು ಒಬ್ಬರು ಇಡೀ ಬರೆಗೆ ಕಬ್ಬಿಣದ ಮೆಶ್ ಕಟ್ಟಿ ಎರಡು ಇಂಚು ಶಾಟ್‌ಕ್ರೀಟ್, ಅಂದರೆ ಗಾಳಿಯ ಒತ್ತಡದಲ್ಲಿ ಚಿಮ್ಮಿಸುವ ಕಾಂಕ್ರೀಟ್, ಹೊಡೆದಿದ್ದರು. ನೋಡಲು ಚಂದ ಇತ್ತು. ನೀರು ಹೊರಬರಲು ಒಂದು ಪೈಪೂ ಇರಲಿಲ್ಲ. ಜುಲೈ ತಿಂಗಳ ಒಂದು ರಾತ್ರಿ ಹದಿನೈದು ಮೀಟರ್ ಉದ್ದದ ತುಂಡು ಮೆಶ್ ಸಮೇತ ಕಳಚಿ ನೇತಾಡಿತು. ಅದರ ಹಿಂದಿನ ಕಲ್ಲೂ ಬಂತು. ಕಳಚಿದ ಸಿಮೆಂಟಿನ ಹಿಂಬದಿ ನೋಡಿದರೆ ಕೆಸರು ಹತ್ತಿಕೊಂಡಿತ್ತು. ಕಲ್ಲನ್ನು ತೊಳೆಯದೇ ಹೊಡೆದದ್ದಕ್ಕೆ ಅದೇ ಸಾಕ್ಷಿ.

ನಾನು ಕೊಟ್ಟ ಪ್ಲಾನ್‌ನಲ್ಲಿ ಶಾಟ್‌ಕ್ರೀಟ್ ಬರೆಯ ಮೂರನೇ ಒಂದು ಭಾಗಕ್ಕೆ ಮಾತ್ರ ಇತ್ತು. ಉಳಿದ ಕಡೆ ಬರಿಯ ಪಾದೆ ಕೊರೆದು ಕೂರಿಸುವ ಕಬ್ಬಿಣದ ಸರಳಿನ ಬೋಲ್ಟು, ನೀರಿನ ತೂತು ಮತ್ತು ಕೆಳಗೆ ಅಗಲದ ಕಣಿ. ಇಲಾಖೆಯ ಎಂಜಿನಿಯರ್ ಕಾಗದ ನೋಡಿ ನಕ್ಕರು. "ಇಷ್ಟು ಕಲ್ಲು ಬೋಳಾಗಿ ಬಿಟ್ಟರೆ ಬಿಲ್ ಪಾಸು ಮಾಡುವುದು ಯಾರು ಮಾರಾಯ್ರೆ?" ಎಂದರು. ಜೊತೆಯ ಕಂಟ್ರಾಕ್ಟರುಗಳೂ ಅದನ್ನೇ ಹೇಳಿದರು. ಶಾಟ್‌ಕ್ರೀಟ್ ಚದರ ಮೀಟರಿಗೆ ಆಗ ಎರಡು ಸಾವಿರದ ಹತ್ತಿರ ಬೀಳುತ್ತಿತ್ತು. ಇಡೀ ಪಾದೆಗೆ ಹೊಡೆದರೆ ಹನ್ನೊಂದು ಲಕ್ಷ ದಾಟುತ್ತಿತ್ತು. ಅದನ್ನು ಬಿಟ್ಟುಕೊಡುವವನು ಪೆದ್ದ ಅಂತ ಅವರ ಲೆಕ್ಕ.

ನನ್ನ ಲೆಕ್ಕ ನೀರಿನದ್ದು. ಸೀಳಿನಲ್ಲಿ ಮೂರು ಮೀಟರ್ ಎತ್ತರ ನೀರು ನಿಂತರೆ ಬರೆಯ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್ ತಳ್ಳುತ್ತದೆ. ಆರು ಮೀಟರ್ ನಿಂತರೆ ಒಂಬತ್ತಲ್ಲ, ಹದಿನೆಂಟು ಟನ್. ಎತ್ತರ ಎರಡು ಪಟ್ಟು, ತಳ್ಳುವುದು ನಾಲ್ಕು ಪಟ್ಟು. ಎರಡಿಂಚಿನ ಸಿಮೆಂಟ್ ಅದನ್ನು ತಡೆಯುವುದು ಹಾಗಿರಲಿ, ಬಾಯಿ ಮುಚ್ಚಿ ನೀರನ್ನು ಇನ್ನೂ ಮೇಲೆ ಏರಿಸುತ್ತದೆ.

ಹಾಗಾಗಿ ಮೊದಲು ಗುಡ್ಡೆಯ ಮೇಲೆ ಹತ್ತಿದೆವು. ಅಲ್ಲಿ ಅಡಿಕೆ ತೋಟ. ಬರೆಯ ಅಂಚಿನಿಂದ ಐದಾರು ಮೀಟರ್ ದೂರದಲ್ಲೇ ಸಾಲಾಗಿ ಇಂಗುಗುಂಡಿ! ಮಳೆನೀರು ಅಷ್ಟೂ ಮುರಕಲ್ಲಿನೊಳಗೆ ಇಳಿದು, ಶೇಡಿಯಲ್ಲಿ ಸೇರಿ, ಅಲ್ಲಿಂದ ಪಾದೆಯ ಸೀಳಿಗೆ ಹೋಗುತ್ತಿತ್ತು. ತೋಟದವರು ಒಳ್ಳೆಯವರು. ಗುಂಡಿ ಮುಚ್ಚಿ ತೋಟದ ಆಚೆ ಬದಿಗೆ ಹೊಸದು ತೋಡಿಕೊಟ್ಟೆವು, ಅಂಚಿನುದ್ದಕ್ಕೆ ಸಿಮೆಂಟಿನ ಕಣಿ ಕಟ್ಟಿ ನೀರನ್ನು ತೋಡಿಗೆ ಬಿಟ್ಟೆವು. ಇದಕ್ಕೆ ಎಸ್ಟಿಮೇಟ್‌ನಲ್ಲಿ ಐಟಂ ಇರಲಿಲ್ಲ. ಐವತ್ತು ಅರುವತ್ತು ಸಾವಿರ ನನ್ನ ಕೈಯಿಂದ ಹೋಯಿತು.

ಆಮೇಲೆ ಪಾದೆಗೆ ನೀರಿನ ತೂತು. ಐದಾರು ಮೀಟರ್ ಆಳ, ಬಾಯಿ ಕಡೆಗೆ ನೀರು ಹರಿಯುವ ಹಾಗೆ ಒಳಗೆ ಐದರಿಂದ ಹತ್ತು ಡಿಗ್ರಿ ಮೇಲ್ಮುಖ, ಒಳಗೆ ಗೀರು ಹಾಕಿದ 50 ಎಂಎಂ ಪಿವಿಸಿ. ನಕ್ಷೆಯಲ್ಲಿ ಮೂರು ಮೀಟರಿಗೊಂದು ಅಂತಿತ್ತು. ಹಾಗೇ ಹೊಡೆದ ಮೊದಲ ಸಾಲು ಪೂರಾ ಒಣಗಿಯೇ ಇತ್ತು. ಡ್ರಿಲ್ಲಿಂಗ್ ಹಣ ನೀರಲ್ಲಿ ಹೋಮ ಎನ್ನೋಣ ಅಂದರೆ ನೀರೂ ಇಲ್ಲ.

ಆಗ ನೆನಪಾದವರು ಊರಿನಲ್ಲಿ ನೀರಿಗಾಗಿ ಗುಡ್ಡೆಗೆ ಸುರಂಗ ತೋಡುವ ಅಜ್ಜ. ನಮ್ಮ ಕಾಸರಗೋಡಿನಲ್ಲಿ ಗುಡ್ಡೆಯೊಳಗಿನ ನೀರು ಗೊತ್ತಿರುವವರು ಅವರೇ ತಾನೇ? ಅಜ್ಜ ಬರೆಯ ಬುಡದಲ್ಲಿ ಎರಡು ಸಲ ನಡೆದರು. ಏಪ್ರಿಲ್ ಬಿಸಿಲಲ್ಲೂ ಜರಿಗಿಡ ಹಸಿರಾಗಿದ್ದ ಸೀಳುಗಳನ್ನು ಕೋಲಿನಲ್ಲಿ ತೋರಿಸಿದರು. "ನಿಮ್ಮ ಅಳತೆಗೆ ನೀರು ಬರುವುದಿಲ್ಲ ಧನಿ, ನೀರು ಇದ್ದಲ್ಲಿಗೆ ನೀವೇ ಹೋಗ್ಬೇಕು" ಎಂದರು. ಜರಿಗಿಡ ಇದ್ದಲ್ಲಿ, ಸೀಳನ್ನು ಅಡ್ಡ ಕಡಿಯುವ ಹಾಗೆ ಓರೆಯಾಗಿ ಡ್ರಿಲ್ ತಿರುಗಿಸಿದೆವು. ಮೂರನೇ ಮೀಟರಿಗೆ ಕೊರೆದ ಪುಡಿ ಕೆಸರಾಗಿ ಬಂತು, ಸ್ವಲ್ಪ ಹೊತ್ತಿಗೆ ಕಿರುಬೆರಳು ಗಾತ್ರದ ನೀರು. ಅಳತೆ ಪ್ರಕಾರ ಹೊಡೆದ ಒಣ ತೂತುಗಳನ್ನೂ ಮುಚ್ಚಲಿಲ್ಲ. ಜೋರು ಮಳೆಗೆ ಅವುಗಳಲ್ಲೂ ಕೆಲವು ಹರಿದವು.

ಇನ್ನು ಬೋಲ್ಟು. ಮೇಲಿನಿಂದ ಹಗ್ಗ ಕಟ್ಟಿ ಇಳಿದು, ಹಾರೆಯಲ್ಲಿ ಸಡಿಲ ಕಲ್ಲು ಕೆಡವಿದ ಮೇಲೆಯೇ ಶುರು ಮಾಡಿದೆವು. ಸಾಲಾಗಿ ಹೊಡೆಯದೆ ಕಲ್ಲಿಗೊಂದು ಲೆಕ್ಕ ಹಾಕಿದೆವು. ಒಂದು ಕಲ್ಲಿನದ್ದು ಹೇಳುತ್ತೇನೆ. ಅಗಲ ಮೂರು ಮೀಟರ್, ಎತ್ತರ ನಾಲ್ಕು, ದಪ್ಪ ಒಂದೂವರೆ, ತೂಕ ಸುಮಾರು 48 ಟನ್. 55 ಡಿಗ್ರಿ ಓಲಿನಲ್ಲಿ ಕೆಳಗೆ ಜಾರಿಸುವ ಬಲ 40 ಟನ್ ಹತ್ತಿರ, ಉಜ್ಜಿ ಹಿಡಿಯುವುದು ಬರೀ 16 ಟನ್. 25 ಎಂಎಂ ಬೋಲ್ಟನ್ನು 12 ಟನ್ನಿಗೆ ಹಿಡಿದರೆ, ಒಂದೂವರೆ ಪಟ್ಟು ಭದ್ರತೆಗೆ ನಾಲ್ಕು ಬೇಕು. ನೀರಿನ ಭಯಕ್ಕೆ ಆರು ಹಾಕಿದೆ. ಉದ್ದ ನಾಲ್ಕು ಮೀಟರ್, ಅಂದರೆ ಸೀಳು ದಾಟಿ ಎರಡು ಮೀಟರಿಗೂ ಜಾಸ್ತಿ ಗಟ್ಟಿ ಪಾದೆಯಲ್ಲಿ. ಸೀಳಿನಲ್ಲಿ ಜೇಡಿ ತುಂಬಿದ್ದರೆ ಹಿಡಿತ ಇನ್ನೂ ಕಮ್ಮಿ, ಅಲ್ಲಿ ಈ ಲೆಕ್ಕ ನಂಬಬೇಡಿ.

ಹಣ ತಿಂದದ್ದು ಗ್ರೌಟ್, ಅಂದರೆ ಸರಳು ಹಿಡಿಯಲು ತೂತಿಗೆ ತುಂಬುವ ಸಿಮೆಂಟಿನ ಗಂಜಿ. 42 ಎಂಎಂ ತೂತು ನಾಲ್ಕು ಮೀಟರ್ ಇದ್ದರೆ ಸರಳು ಕಳೆದು ತುಂಬಲು ಐದು ಕೆಜಿ ಸಿಮೆಂಟ್ ಸಾಕು. ನಮ್ಮ ಕೆಲವು ತೂತುಗಳು ಎರಡೆರಡು ಮೂಟೆ ನುಂಗಿದವು, ಬಾಯಿಗೆ ಗ್ರೌಟ್ ಬರಲೇ ಇಲ್ಲ. ಒಂದು ಕಡೆ ಆರು ಮೀಟರ್ ಆಚೆಯ ಸೀಳಿನಿಂದ ಸಿಮೆಂಟ್ ಹಾಲು ಸುರಿಯಿತು. ಹುಡುಗರು ಅದಕ್ಕೆ ಬಕೆಟ್ ಹಿಡಿದರು. ನೀರು ಕಮ್ಮಿ ಮಾಡಿ ಮಂದ ಗ್ರೌಟ್ ಹಾಕಿ, ಗಟ್ಟಿಯಾದ ಮೇಲೆ ಅದೇ ತೂತನ್ನು ಮತ್ತೆ ಕೊರೆದದ್ದೂ ಉಂಟು. ಕೆಲಸ ಆಗುತ್ತದೆ, ಆದರೆ ಒಂದೇ ತೂತಿಗೆ ಎರಡು ಸಲ ಕಂಪ್ರೆಸರ್ ಡೀಸೆಲ್. ಕೊನೆಗೆ ಕೈಹಿಡಿದದ್ದು ಬಟ್ಟೆಯ ಚೀಲ. ಸರಳಿಗೆ ಉದ್ದ ಚೀಲ ತೊಡಿಸಿ ಒಳಗೆ ತಳ್ಳಿ, ಚೀಲದ ತಳದಿಂದ ಗ್ರೌಟ್ ತುಂಬುವುದು. ಚೀಲ ಉಬ್ಬಿ ಕಲ್ಲಿಗೆ ಒತ್ತುತ್ತದೆ, ನೇಯ್ಗೆಯಿಂದ ಜಿನುಗಿದ ಸಿಮೆಂಟ್ ಹಿಡಿದುಕೊಳ್ಳುತ್ತದೆ, ಸೀಳಿಗೆ ಓಡುವುದಿಲ್ಲ. ಯಾವ ಬಟ್ಟೆ, ಎಷ್ಟು ಸಡಿಲ ಹೊಲಿಯಬೇಕು ಎಂಬುದು ನನ್ನ ಹತ್ತಿರವೇ ಇರಲಿ. ತುಂಬಾ ಒತ್ತಾದ ಬಟ್ಟೆ ಆಗದು ಅಂತ ಮಾತ್ರ ಹೇಳುತ್ತೇನೆ, ಜಿನುಗದಿದ್ದರೆ ಹಿಡಿತವೇ ಇಲ್ಲ.

ಇದು ಹಿಡಿದಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ. ಜಾಕ್ ಹಾಕಿ ಎಳೆದೇ ನೋಡಬೇಕು. ಒಳ್ಳೆಯ ಬೋಲ್ಟುಗಳು 15 ಟನ್ನಿಗೂ ಅಲುಗಲಿಲ್ಲ. ಚೀಲ ಇಲ್ಲದೆ ಗ್ರೌಟ್ ಸೋರಿದವು ಆರೇಳು ಟನ್ನಿಗೆ ಮೆಲ್ಲಗೆ ಹೊರಗೆ ಬಂದವು. ಸರಳು ಎಷ್ಟು ಹೊರಬಂತು ಎಂದು ತೋರಿಸುವ ಗೇಜಿನ ಮುಳ್ಳು ನಿಲ್ಲುವುದಿಲ್ಲ, ಜಾಕಿನ ಒತ್ತಡ ಮಾತ್ರ ಏರುವುದಿಲ್ಲ. ಅಂಥವಕ್ಕೆ ಪಕ್ಕದಲ್ಲಿ ಹೊಸದು ಹೊಡೆಯುವುದೇ ದಾರಿ. ಒಟ್ಟು ತೊಂಬತ್ತರ ಹತ್ತಿರ ಬೋಲ್ಟು, ಒಂದಕ್ಕೆ ಐದು ಸಾವಿರದ ಆಸುಪಾಸು ಬಿತ್ತು.

ಶಾಟ್‌ಕ್ರೀಟ್ ಹೊಡೆದದ್ದು ಪಾದೆ ಪುಡಿಯಾಗಿದ್ದ ಪಟ್ಟಿಗಳಿಗೆ. ಅಲ್ಲಿ ಕಲ್ಲು ಬೋಲ್ಟಿನ ನಡುವೆ ಉದುರುತ್ತದೆ, ಬೋಲ್ಟಿನ ತಲೆಯ ಪ್ಲೇಟು ಹಿಡಿಯಲಾರದು. ಗಾಳಿ ನೀರು ಹೊಡೆದು ತೊಳೆದು, ಪೈಪು ಮೊದಲು ಕೂರಿಸಿ, ಅದರ ಬಾಯಿಗೆ ಬಟ್ಟೆ ತುರುಕಿ, ನಾಲ್ಕು ಇಂಚು. ನಮ್ಮದು ಒಣ ಮಿಕ್ಸ್ ಮೆಷಿನ್, ಕಾಲು ಭಾಗಕ್ಕೂ ಹೆಚ್ಚು ಪುಟಿದು ಕೆಳಗೆ ಬಿತ್ತು. ಅದನ್ನು ಬಾಚಿ ಮತ್ತೆ ಹಾಕುವವರಿದ್ದಾರೆ, ಅದರಲ್ಲಿ ಜಲ್ಲಿಯೇ ಜಾಸ್ತಿ, ಸಿಮೆಂಟ್ ತೀರಾ ಕಮ್ಮಿ. ಮರುದಿನ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಡಬ್ ಅಂದರೆ ಹಿಂದೆ ಪೊಳ್ಳು. ಮುರಕಲ್ಲು, ಶೇಡಿಗೆ ಸಿಮೆಂಟ್ ಹೊಡೆಯಲೇ ಇಲ್ಲ. ಅದನ್ನು ಹಿಂದಕ್ಕೆ ಓರೆ ಕಡಿದು, ಪಾದೆಯ ತಲೆಯ ಮೇಲೆ ಮೆಟ್ಟಿಲು ಬಿಟ್ಟು, ಶೇಡಿಯ ಮುಂದೆ ಬಲೆಕಟ್ಟಿದ ಕಲ್ಲಿನ ಗೋಡೆ ಇಟ್ಟೆವು.

ಕಣಿಯ ವಿಷಯದಲ್ಲಿ ಜಗಳ ದೊಡ್ಡದು. 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ರಿಚಿ ಎಂಬವರು ಕಲ್ಲು ಉರುಳಿಸಿ ಮಾಡಿದ ಕೋಷ್ಟಕದ ಪ್ರಕಾರ ಇಷ್ಟು ಎತ್ತರದ ಕಡಿದಾದ ಬರೆಗೆ 4.6 ಮೀಟರ್ ಅಗಲ, 1.2 ಮೀಟರ್ ಆಳ ಬೇಕು. ನಮಗೆ ಸಿಕ್ಕಿದ್ದು ಮೂರು ಮೀಟರ್. ರಸ್ತೆ ಅಂಚಿಗೆ ಒಂದು ಮೀಟರ್ ಎತ್ತರದ ಕಲ್ಲಿನ ಗೋಡೆ ಇಟ್ಟು ಸರಿತೂಗಿಸುವುದು ಅಂತ ಮಾಡಿದೆ. ಎಂಜಿನಿಯರಿಗೆ ಕಣಿಯ ತಳ ಕಾಂಕ್ರೀಟ್ ಆಗಬೇಕು, ನನಗೆ ಬೇಡ.

ಮಾತು ಬೇಡ ಅಂತ ಒಂದು ಭಾನುವಾರ ರಸ್ತೆ ಎರಡೂ ಕಡೆ ಮುಚ್ಚಿ, ತಲೆಗಾತ್ರದ ಕಲ್ಲುಗಳಿಗೆ ಸುಣ್ಣ ಬಳಿದು ಮೇಲಿನಿಂದ ಬಿಟ್ಟೆವು. ಅರ್ಧ ಕಣಿಗೆ ಕಾಂಕ್ರೀಟ್ ಹಲಗೆ ಹಾಸಿದ್ದೆ, ಇನ್ನರ್ಧಕ್ಕೆ ಒಂದಡಿ ಸಡಿಲ ಜಲ್ಲಿ. ಕಾಂಕ್ರೀಟಿಗೆ ಬಿದ್ದದ್ದರಲ್ಲಿ ಮೂರಕ್ಕೊಂದರಂತೆ ಪುಟಿದು ಗೋಡೆ ಹಾರಿ ಡಾಮರಿಗೆ ಬಂತು. ಜಲ್ಲಿಗೆ ಬಿದ್ದದ್ದು ಹೂತು ಕೂತಿತು. ಜಲ್ಲಿ ಕಡೆಯಿಂದಲೂ ರಸ್ತೆಗೆ ಬಂದ ಕೆಲವಕ್ಕೆ ಕಾರಣ ಬೇರೆ. ಪಾದೆಯ ನಡುವಿನ ಒಂದು ಉಬ್ಬಿಗೆ ಬಡಿದು ಅವು ಹೊರಕ್ಕೆ ಹಾರುತ್ತಿದ್ದವು. ಆ ಉಬ್ಬನ್ನು ಬ್ರೇಕರ್‌ನಲ್ಲಿ ಅರ್ಧ ದಿನದಲ್ಲಿ ಕೆತ್ತಿ ಹಾಕಿದೆವು. ಮತ್ತೆ ಬಿಟ್ಟಾಗ ಹಾರಲಿಲ್ಲ. ಎಂಜಿನಿಯರ್ ಅಷ್ಟೂ ಫೋನಲ್ಲಿ ವಿಡಿಯೋ ಮಾಡಿಕೊಂಡರು. ಈಗ ಬೇರೆ ಸೈಟಿಗೆ ಹೋದಾಗ ತಮ್ಮದೇ ಐಡಿಯಾ ಎಂಬಂತೆ ತೋರಿಸುತ್ತಾರಂತೆ, ಇರಲಿ. ಮಳೆನೀರಿಗೆ ಮಾತ್ರ ಜಲ್ಲಿಯ ಪಕ್ಕ ಬೇರೆ ಸಣ್ಣ ಕಣಿ ಬೇಕೇ ಬೇಕು, ಇಲ್ಲದಿದ್ದರೆ ಜಲ್ಲಿ ಕೆಸರು ತುಂಬಿ ಗಟ್ಟಿಯಾಗುತ್ತದೆ.

ಒಟ್ಟು ಖರ್ಚು ಇಡೀ ಬರೆಗೆ ಶಾಟ್‌ಕ್ರೀಟ್ ಹೊಡೆದಷ್ಟೇ ಆಯಿತು, ಉಳಿತಾಯ ಅಂತ ಹೇಳಲಾರೆ. ಲಾಭ ನನಗೆ ಕಮ್ಮಿಯೇ. ಈಗ ಗಲಾಟೆ ಇರುವುದು ನಿರ್ವಹಣೆಗೆ. ಮೇ ಕೊನೆಯ ಪತ್ತನಾಜೆಗೆ ಮೊದಲು, ಅಂದರೆ ಮಳೆ ಶುರುವಾಗುವ ಮುಂಚೆ, ಜೆಸಿಬಿ ಇಳಿಸಿ ಕಣಿಯ ಕಲ್ಲು ತೆಗೆಯಬೇಕು, ನೀರಿನ ಪೈಪಿಗೆ ಸರಿಗೆ ತೂರಿಸಿ ಬೇರು ಮಣ್ಣು ಬಿಡಿಸಬೇಕು, ಬೋಲ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡಬೇಕು. ಹೋದ ವರ್ಷ ಆ ಕಣಿಯಲ್ಲಿ ಯಾರೋ ಮನೆ ಕೆಡವಿದ ಮಣ್ಣು ಸುರಿದಿದ್ದರು, ಎರಡು ಲಾರಿ. ಅದನ್ನು ತೆಗೆಸಿದ ಬಿಲ್ ಇನ್ನೂ ಪಾಸಾಗಿಲ್ಲ.